ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ತಿಂಗಳ ಲೆಕ್ಕ

ಶಾಲೆಯ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಗುವುದು ಅಂಟುಪಟ್ಟಿ. ಬ್ಯಾಂಡೇಡ್ ಎಂದು ಮಕ್ಕಳು ದಿನವೂ ಕೇಳಿ ಪಡೆಯುವುದು ಅದನ್ನೇ. ಓಆರ್‌ಎಸ್ ಪೊಟ್ಟಣಗಳು ಖಾಲಿಯಾಗುವುದಿಲ್ಲ. ಯಾರೂ ಮುಟ್ಟದೆ ಒಂದೇ ತಿಂಗಳಲ್ಲಿ ಎಲ್ಲವೂ ಅವಧಿ ಮೀರುತ್ತವೆ. ಕತ್ತರಿ ಖಾಲಿಯೂ ಆಗುವುದಿಲ್ಲ, ಅದಕ್ಕೆ ಅವಧಿಯೂ ಇಲ್ಲ. ಆದರೆ ಮಳೆಗಾಲದಲ್ಲಿ ತುಕ್ಕು ಹಿಡಿದು, ಬೇಕಾದ ದಿನ ಬಟ್ಟೆಯನ್ನು ಕತ್ತರಿಸದೆ ಅಗಿಯುತ್ತದೆ.

ಒಂದೇ ಪೆಟ್ಟಿಗೆಯ ಸಾಮಾನುಗಳು ಹೀಗೆ ಮೂರು ಬಗೆಯಲ್ಲಿ ಕೈಕೊಡುತ್ತವೆ. ಕೆಲವು ಬಳಸಿ ಮುಗಿಯುತ್ತವೆ, ಕೆಲವು ದಿನಾಂಕ ದಾಟುತ್ತವೆ, ಕೆಲವು ಇದ್ದಲ್ಲೇ ಹಾಳಾಗುತ್ತವೆ. ಆದ್ದರಿಂದ ತಿಂಗಳ ಪರಿಶೀಲನೆಯಲ್ಲಿ ಕೇಳಬೇಕಾದ ಪ್ರಶ್ನೆಗಳೂ ಮೂರು: ಎಷ್ಟಿದೆ? ಯಾವಾಗಿನವರೆಗೆ ನಡೆಯುತ್ತದೆ? ಈಗ ಕೆಲಸ ಮಾಡುತ್ತದೆಯೇ? ಬಹಳಷ್ಟು ಶಾಲೆಗಳ ದಾಸ್ತಾನು ವಹಿಯಲ್ಲಿ ‘ಪ್ರಥಮ ಚಿಕಿತ್ಸೆ ಪೆಟ್ಟಿಗೆ – 1’ ಎಂಬ ಒಂದೇ ಸಾಲು ಇರುತ್ತದೆ. ತಪಾಸಣೆಗೆ ಬಂದವರು ಪೆಟ್ಟಿಗೆ ಇದೆಯೇ ಎಂದು ಕೇಳುತ್ತಾರೆ, ಇದೆ ಎಂಬ ಉತ್ತರ ಸಿಗುತ್ತದೆ. ಒಳಗಿರುವ ಒಂದೊಂದು ವಸ್ತುವಿಗೂ ಒಂದೊಂದು ಸಾಲು ಬಂದಾಗ ಮಾತ್ರ ಈ ಮೂರು ಪ್ರಶ್ನೆಗಳನ್ನು ಕೇಳಲು ಸಾಧ್ಯ. ಇದಕ್ಕೆ ದುಡ್ಡು ಹೆಚ್ಚು ಬೇಡ. ಬೇಕಾಗುವುದು ಒಂದು ನೂರು ಪುಟದ ನೋಟ್‌ಬುಕ್ ಮತ್ತು ತಿಂಗಳಿಗೆ ಅರ್ಧ ಗಂಟೆ.

ಪೆಟ್ಟಿಗೆಯಲ್ಲಿ ಏನಿರಬೇಕು, ಏನಿರಬಾರದು

ಲೆಕ್ಕ ಇಡುವ ಮೊದಲು ಪಟ್ಟಿ ಚಿಕ್ಕದಾಗಬೇಕು. ಸಾಮಾನ್ಯ ಹಿರಿಯ ಪ್ರಾಥಮಿಕ ಶಾಲೆಗೆ ಬೇಕಾದದ್ದು ಇಷ್ಟೇ: ಅಂಟುಪಟ್ಟಿ, ಪೊಟ್ಟಣದಲ್ಲಿ ಬರುವ ಕ್ರಿಮಿರಹಿತ ಗಾಜ್ ಬಟ್ಟೆ, ಸುತ್ತುವ ಬ್ಯಾಂಡೇಜ್, ಹತ್ತಿ, ಅಂಟು ಟೇಪ್, ಉಳುಕಿಗೆ ಕ್ರೇಪ್ ಬ್ಯಾಂಡೇಜ್, ಕೈ ಮುರಿದರೆ ಕೊರಳಿಗೆ ತೂಗುಹಾಕಲು ತ್ರಿಕೋನ ಬ್ಯಾಂಡೇಜ್, ಪೊವಿಡೋನ್ ಅಯೋಡಿನ್ ಮುಲಾಮು, ಓಆರ್‌ಎಸ್, ಗ್ಲೌಸ್, ಕತ್ತರಿ, ಚಿಮುಟ, ಡಿಜಿಟಲ್ ಥರ್ಮಾಮೀಟರ್, ಒಂದು ಸಾಬೂನು. ಹತ್ತಿ ಗಾಯದ ಸುತ್ತ ಒರೆಸಲು ಮಾತ್ರ. ಗಾಯದ ಮೇಲೆಯೇ ಇಟ್ಟರೆ ಎಳೆಗಳು ಅಂಟಿಕೊಂಡು ಆಸ್ಪತ್ರೆಯಲ್ಲಿ ಬಿಡಿಸುವಾಗ ಮಗು ಇನ್ನಷ್ಟು ನೋಯುತ್ತದೆ. ಬಿಸಿ ಸಾಂಬಾರು ಚೆಲ್ಲಿ ಕೈ ಸುಟ್ಟರೆ ಮೊದಲ ಮದ್ದು ನಲ್ಲಿಯಲ್ಲಿದೆ, ಪೆಟ್ಟಿಗೆಯಲ್ಲಿ ಅಲ್ಲ. 20 ನಿಮಿಷ ತಣ್ಣೀರು ಹರಿಯಬಿಟ್ಟು, ಶುಭ್ರ ಗಾಜ್ ಬಟ್ಟೆ ಸಡಿಲವಾಗಿ ಮುಚ್ಚಿ, ವೈದ್ಯರ ಬಳಿಗೆ ಕರೆದೊಯ್ಯಬೇಕು.

ಇರಬಾರದ್ದರ ಪಟ್ಟಿಯಲ್ಲಿ ಮೊದಲನೆಯದು ಮಾತ್ರೆಗಳು. ಜ್ವರದ ಪ್ಯಾರಾಸಿಟಮಾಲ್ ನಿರುಪದ್ರವಿ ಎಂದು ನಮಗೆ ಅನ್ನಿಸುತ್ತದೆ. ಆದರೆ ಅದರ ಪ್ರಮಾಣ ನಿಲ್ಲುವುದು ಮಗುವಿನ ತೂಕದ ಮೇಲೆ. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಒಂದನೇ ತರಗತಿಯ 18 ಕಿಲೋ ಮಗುವಿಗೆ ಹೆಚ್ಚೆಂದರೆ 270 ಮಿಲಿಗ್ರಾಂ. ನಾವು ಸಾಮಾನ್ಯವಾಗಿ ಕೊಳ್ಳುವ ಮಾತ್ರೆ 500 ಮಿಲಿಗ್ರಾಂನದು. ಬೆಳಿಗ್ಗೆ ಮನೆಯಲ್ಲಿ ಒಂದು ಡೋಸ್ ಕೊಟ್ಟೇ ಕಳಿಸಿದ್ದರೆ ಅದು ಶಿಕ್ಷಕರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಮಾತ್ರೆ ಕೊಡುವ ಕೆಲಸ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಿಟ್ಟದ್ದು. ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಗಳು, ಜಂತುಹುಳುವಿನ ಮಾತ್ರೆಗಳು ಶಾಲೆಯಲ್ಲಿ ಇದ್ದೇ ಇರುತ್ತವೆ. ಅವು ಬೇರೆ ಡಬ್ಬಿಯಲ್ಲಿ, ಬೇರೆ ವಹಿಯೊಂದಿಗೆ ಇರಲಿ. ಉಳಿದ ಗುಲಾಬಿ ಮಾತ್ರೆಗಳ ಪಟ್ಟಿಯನ್ನು ‘ಇಲ್ಲೇ ಇರಲಿ’ ಎಂದು ಈ ಪೆಟ್ಟಿಗೆಗೆ ಹಾಕುವುದರಿಂದಲೇ ಗೊಂದಲ ಶುರುವಾಗುತ್ತದೆ.

ಕಾರ್ಖಾನೆಗಳ ವಿಷಯದಲ್ಲಿ ನಮ್ಮ ಕಾನೂನು ಇದನ್ನು ಬಹಳ ಹಿಂದೆಯೇ ಸ್ಪಷ್ಟವಾಗಿ ಹೇಳಿದೆ. 1948ರ ಕಾರ್ಖಾನೆ ಅಧಿನಿಯಮದ 45ನೇ ಕಲಮಿನ ಪ್ರಕಾರ, ನಿಗದಿಯಾದ ಸಾಮಾನು ಬಿಟ್ಟು ಬೇರೇನನ್ನೂ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಇಡುವಂತಿರಲಿಲ್ಲ. ಪ್ರತಿ ಪೆಟ್ಟಿಗೆಗೂ ತರಬೇತಿ ಪಡೆದ ಒಬ್ಬ ಜವಾಬ್ದಾರಿ ವ್ಯಕ್ತಿ ಇರಬೇಕಿತ್ತು, ಕೆಲಸದ ವೇಳೆಯಲ್ಲಿ ಅವರು ಕೈಗೆ ಸಿಗುವಂತಿರಬೇಕಿತ್ತು. ಈ ಕಲಂ ಶಾಲೆಗೆ ಅನ್ವಯಿಸುತ್ತಿರಲಿಲ್ಲ. ಆದರೂ ಎರಡೂ ಮಾತುಗಳನ್ನು ಶಾಲೆ ತನ್ನದಾಗಿ ಮಾಡಿಕೊಳ್ಳಬಹುದು: ಪಟ್ಟಿಯಲ್ಲಿ ಇಲ್ಲದ್ದು ಪೆಟ್ಟಿಗೆಯಲ್ಲಿ ಇರಬಾರದು, ಪೆಟ್ಟಿಗೆ ಒಬ್ಬರ ಹೆಸರಿನಲ್ಲಿ ಇರಬೇಕು.

ದಿನಾಂಕ ಓದುವುದು

ಅವಧಿಯ ಲೆಕ್ಕದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಅಜಾಗರೂಕತೆಯಿಂದ ಆಗುವುದಿಲ್ಲ. ದಿನಾಂಕ ಮುದ್ರಿಸಿರುವ ಜಾಗವೇ ಅದಕ್ಕೆ ಕಾರಣ. ಮುಲಾಮಿನ ಟ್ಯೂಬನ್ನು ನೋಡಿ. ತಯಾರಾದ ತಿಂಗಳು, ಮುಗಿಯುವ ತಿಂಗಳು, ಬ್ಯಾಚ್ ನಂಬರ್ ಮೂರೂ ಸಾಮಾನ್ಯವಾಗಿ ಟ್ಯೂಬಿನ ಬಾಲದ ಮಡಿಕೆಯ ಮೇಲೆ ಒತ್ತಿರುತ್ತವೆ. ಬಳಸುವವರು ಮಾಡುವ ಮೊದಲ ಕೆಲಸ ಆ ಬಾಲವನ್ನೇ ಸುರುಳಿ ಸುತ್ತುವುದು. ಅರ್ಧ ಟ್ಯೂಬ್ ಮುಗಿಯುವ ಹೊತ್ತಿಗೆ ದಿನಾಂಕ ಸುರುಳಿಯೊಳಗೆ ಹೋಗಿರುತ್ತದೆ. ಬಿಚ್ಚಿ ನೋಡಿದರೂ ಅಕ್ಷರ ಮಸುಕಾಗಿರುತ್ತದೆ. ಅಂಟುಪಟ್ಟಿಯ ದಿನಾಂಕ ಹೊರಗಿನ ರಟ್ಟಿನ ಡಬ್ಬಿಯ ಮೇಲಿರುತ್ತದೆ. ಜಾಗ ಉಳಿಯಲೆಂದು ಡಬ್ಬಿ ಬಿಸಾಡಿ ಪಟ್ಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟರೆ ದಿನಾಂಕವೂ ಕಸದ ಬುಟ್ಟಿಗೆ ಹೋಯಿತು. ಸ್ಪಿರಿಟ್ ತಾಗಿದರೆ ಕೆಲವು ಬಾಟಲಿಗಳ ಮೇಲಿನ ಶಾಯಿ ಅಳಿಸಿಹೋಗುತ್ತದೆ.

ಇದಕ್ಕೆ ಮದ್ದು ಸುಲಭ. ಸಾಮಾನು ಶಾಲೆಗೆ ಬಂದ ದಿನವೇ, ಬಾಕ್ಸ್ ಒಡೆಯುವ ಮೊದಲು, ಪ್ರತಿಯೊಂದಕ್ಕೂ ಒಂದು ಚೀಟಿ ಅಂಟಿಸಿ ಮಾರ್ಕರ್ ಪೆನ್ನಿನಿಂದ ದೊಡ್ಡದಾಗಿ ತಿಂಗಳು ಮತ್ತು ವರ್ಷ ಬರೆಯುವುದು. ಟ್ಯೂಬಿಗೆ ಮುಚ್ಚಳದ ಹತ್ತಿರ, ಬಾಟಲಿಗೆ ಮೈಮೇಲೆ. ಅದೇ ದಿನಾಂಕ ನೋಟ್‌ಬುಕ್ಕಿಗೂ ಹೋಗಬೇಕು. ಚೀಟಿ ಹರಿದರೆ ನೋಟ್‌ಬುಕ್ ಇದೆ. ನೋಟ್‌ಬುಕ್‌ನಲ್ಲೂ ಇಲ್ಲ, ವಸ್ತುವಿನ ಮೇಲೂ ಓದಲಾಗುತ್ತಿಲ್ಲ ಎಂದರೆ ಅದನ್ನು ಅವಧಿ ಮೀರಿದ ವಸ್ತು ಎಂದೇ ಎಣಿಸಬೇಕು. ‘ಮೊನ್ನೆ ಮೊನ್ನೆ ತಂದ ಹಾಗಿದೆ’ ಎಂಬ ನೆನಪು ದಿನಾಂಕವಾಗದು.

ದಿನವಿಲ್ಲದೆ ಬರೀ ತಿಂಗಳು, ವರ್ಷ ಇದ್ದರೆ ಹೇಗೆ ಓದುವುದು? ನಮ್ಮ ಔಷಧ ನಿಯಮಗಳ ಪ್ರಕಾರ ಅದು ಆ ತಿಂಗಳ ಕೊನೆಯ ದಿನದವರೆಗೆ ಎಂದು ಅರ್ಥ. 08/2025 ಎಂದಿದ್ದರೆ ಆಗಸ್ಟ್ 31ರವರೆಗೆ ಬಳಸಬಹುದು, ಸೆಪ್ಟೆಂಬರ್ 1ಕ್ಕೆ ಹೊರಗಿಡಬೇಕು. ಆದರೆ ಈ ದಿನಾಂಕ ತೆರೆಯದ ವಸ್ತುವಿಗೆ, ಹೇಳಿದ ತಾಪದಲ್ಲಿ ಇಟ್ಟಿದ್ದರೆ ಮಾತ್ರ. ಬಾಟಲಿಯ ಮುಚ್ಚಳ ತೆರೆದ ದಿನವನ್ನೂ ಅದರ ಮೇಲೆ ಬರೆಯಬೇಕು. ಕಲಸಿದ ಓಆರ್‌ಎಸ್ ನೀರಿಗೆ ಆಯುಷ್ಯ 24 ಗಂಟೆ ಮಾತ್ರ, ಪೊಟ್ಟಣದ ಮೇಲೆ ಏನೇ ಬರೆದಿರಲಿ. ಗಾಜ್ ಬಟ್ಟೆಯ ಪೊಟ್ಟಣ ಹರಿದಿದ್ದರೆ ಅಥವಾ ಒದ್ದೆಯಾಗಿ ಒಣಗಿದ್ದರೆ, ಅವಧಿ ಇನ್ನೆರಡು ವರ್ಷ ಇದ್ದರೂ ಅದು ಕ್ರಿಮಿರಹಿತವಲ್ಲ.

ತಾಪದ ಮಾತು ಕರ್ನಾಟಕದಲ್ಲಿ ಊರಿಗೊಂದು ರೀತಿ. ಮುಲಾಮಿನ ಮೇಲೆ 30 ಡಿಗ್ರಿಗಿಂತ ಕಡಿಮೆ ತಾಪದಲ್ಲಿ ಇಡಿ ಎಂದು ಬರೆದಿರುತ್ತದೆ. ರಾಯಚೂರು, ಕಲಬುರಗಿಯ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಹೊರಗಿನ ತಾಪವೇ 40 ದಾಟುತ್ತದೆ. ತಗಡಿನ ಚಾವಣಿಯ ಕೋಣೆಯಲ್ಲಿ, ಕಬ್ಬಿಣದ ಬೀರುವಿನಲ್ಲಿ, ಬಾಗಿಲು ಹಾಕಿದ ಶಾಲೆಯಲ್ಲಿ ಒಂದೂವರೆ ತಿಂಗಳು ಇದ್ದ ಪೆಟ್ಟಿಗೆಯ ಅಂಟುಪಟ್ಟಿಗಳ ಗೋಂದು ಕರಗಿ ಕಾಗದಕ್ಕೇ ಅಂಟಿರುತ್ತದೆ, ರಬ್ಬರ್ ಗ್ಲೌಸ್ ಒಂದಕ್ಕೊಂದು ಕಚ್ಚಿಕೊಂಡಿರುತ್ತದೆ. ಕರಾವಳಿ, ಮಲೆನಾಡಿನಲ್ಲಿ ಇದೇ ಕೆಲಸವನ್ನು ಮಳೆಗಾಲದ ತೇವ ಮಾಡುತ್ತದೆ. ಆದ್ದರಿಂದ ಬೇಸಿಗೆ ರಜೆಗೆ ಮುನ್ನ ಪೆಟ್ಟಿಗೆಯನ್ನು ಶಾಲೆಯ ಅತಿ ತಂಪಾದ ಕೋಣೆಗೆ ಸಾಗಿಸಬೇಕು. ಶಾಲೆ ಪುನರಾರಂಭವಾದ ವಾರದಲ್ಲಿ ಪ್ರತಿ ವಸ್ತುವನ್ನೂ ಬಿಚ್ಚಿ ನೋಡುವ ಪೂರ್ಣ ಪರಿಶೀಲನೆ ನಡೆಯಬೇಕು.

ಮೂರು ಪುಟ, ಎರಡು ಅಂಕಿ

ನೋಟ್‌ಬುಕ್ಕಿನಲ್ಲಿ ಮೂರು ಭಾಗ ಮಾಡಿಕೊಳ್ಳಬೇಕು. ಮೊದಲನೆಯದು ಬಳಕೆಯ ಪುಟ: ದಿನಾಂಕ, ಮಗುವಿನ ಹೆಸರು ಮತ್ತು ತರಗತಿ, ಏನಾಯಿತು, ಎಲ್ಲಿ ಆಯಿತು, ಏನು ಬಳಸಿದೆವು, ಯಾರು ಬಳಸಿದರು. ಎರಡನೆಯದು ತಿಂಗಳ ಪರಿಶೀಲನೆಯ ಪುಟ. ಮೂರನೆಯದು ಬೇಡಿಕೆ ಪಟ್ಟಿ. ಮೊದಲ ಪುಟದಿಂದ ಎರಡನೆಯದು ಹುಟ್ಟುತ್ತದೆ, ಎರಡನೆಯದರಿಂದ ಮೂರನೆಯದು.

ಪ್ರತಿ ವಸ್ತುವಿಗೂ ಎರಡು ಅಂಕಿ ಗೊತ್ತುಮಾಡಬೇಕು. ಒಂದು ತುಂಬಿದ ಮಟ್ಟ, ಇನ್ನೊಂದು ಕನಿಷ್ಠ ಮಟ್ಟ. ಕನಿಷ್ಠ ಮಟ್ಟ ತಲುಪಿದ ಕೂಡಲೇ ತುಂಬಿದ ಮಟ್ಟದವರೆಗೆ ತರಿಸುವುದು ನಿಯಮ. ಈ ಅಂಕಿಗಳು ಎಲ್ಲಿಂದ ಬರುತ್ತವೆ? ಹಳ್ಳಿಯ ಶಾಲೆಯಲ್ಲಿ ಬೇಡಿಕೆ ಬರೆದ ದಿನದಿಂದ ಸಾಮಾನು ಬರುವವರೆಗೆ ಎರಡು ತಿಂಗಳು ಹಿಡಿಯಬಹುದು. ಎಸ್‌ಡಿಎಂಸಿ ಸಭೆ ಸೇರಬೇಕು, ಒಪ್ಪಿಗೆ ಆಗಬೇಕು, ಯಾರಾದರೂ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ಆದ್ದರಿಂದ ಅತಿ ಹೆಚ್ಚು ಖರ್ಚಾದ ತಿಂಗಳಿನ ಎರಡು ಪಟ್ಟು ಕನಿಷ್ಠ ಮಟ್ಟವಾಗಲಿ. ಒಂದು ತಿಂಗಳಲ್ಲಿ ಹೆಚ್ಚೆಂದರೆ 20 ಅಂಟುಪಟ್ಟಿ ಖರ್ಚಾಗಿದ್ದರೆ ಕನಿಷ್ಠ 40. ಅದರ ಮೇಲೆ ಇನ್ನು ಮೂರು ತಿಂಗಳ ಖರ್ಚು ಸೇರಿಸಿ ತುಂಬಿದ ಮಟ್ಟ 100.

ಈ ಸೂತ್ರ ಎಲ್ಲಕ್ಕೂ ಹೊಂದುವುದಿಲ್ಲ. ತ್ರಿಕೋನ ಬ್ಯಾಂಡೇಜ್ ವರ್ಷಪೂರ್ತಿ ಒಂದೂ ಖರ್ಚಾಗದೆ ಇರಬಹುದು. ಬಳಕೆಯ ಲೆಕ್ಕದಲ್ಲಿ ಅದರ ಕನಿಷ್ಠ ಮಟ್ಟ ಸೊನ್ನೆ. ಆದರೆ ಕೈ ಮುರಿದ ದಿನ ಅದೇ ಬೇಕು. ಇಂಥವಕ್ಕೆ ಕೇಳಬೇಕಾದ ಪ್ರಶ್ನೆ ಬೇರೆ: ಒಂದು ದೊಡ್ಡ ಅಪಘಾತಕ್ಕೆ ಎಷ್ಟು ಬೇಕು? ಅಷ್ಟು ಯಾವಾಗಲೂ ಇರಬೇಕು.

ಪರಿಶೀಲನೆಯ ದಿನ ತಿಂಗಳ ಮೊದಲ ಶನಿವಾರವಾದರೆ ಅನುಕೂಲ. ಆ ದಿನ ಶಾಲೆ ಬೆಳಗಿನ ಹೊತ್ತು ಮಾತ್ರ. ಮೇಲಾಗಿ ಅವಧಿ ಮುಗಿಯುವುದು ತಿಂಗಳ ಕೊನೆಗೆ. ಹೊಸ ತಿಂಗಳ ಮೊದಲ ವಾರದಲ್ಲಿ ನೋಡಿದರೆ ಹಿಂದಿನ ತಿಂಗಳದ್ದನ್ನು ಆಗಲೇ ಹೊರಗಿಡಬಹುದು. ದಸರಾ ರಜೆಯಿಂದಾಗಿ ಆ ಶನಿವಾರ ತಪ್ಪಿದರೆ ಶಾಲೆ ತೆರೆದ ಮೊದಲ ದಿನ ಎಣಿಸಬೇಕು. ಎಣಿಸುವವರು ಇಬ್ಬರಿರಬೇಕು, ಒಬ್ಬರು ವಸ್ತು ತೆಗೆದು ಹೇಳಲು, ಇನ್ನೊಬ್ಬರು ಬರೆಯಲು.

ಒಂದು ಆಗಸ್ಟ್ ತಿಂಗಳ ಎಣಿಕೆ

ಉದಾಹರಣೆಗೆ 120 ಮಕ್ಕಳಿರುವ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯನ್ನು ಊಹಿಸಿಕೊಳ್ಳೋಣ. ದಿನ 2025ರ ಆಗಸ್ಟ್ 2, ಶನಿವಾರ. ಪೆಟ್ಟಿಗೆಯ ಜವಾಬ್ದಾರಿ ಹೊತ್ತ ಶಿಕ್ಷಕಿ ಮತ್ತು ದೈಹಿಕ ಶಿಕ್ಷಕರು ಸಾಮಾನನ್ನೆಲ್ಲ ಶುಭ್ರ ಬಟ್ಟೆಯ ಮೇಲೆ ಹರಡಿದ್ದಾರೆ.

ಮೊದಲು ಅಂಟುಪಟ್ಟಿ. ಜುಲೈ ಎಣಿಕೆಯಲ್ಲಿ 78 ಇದ್ದವು. ಬಳಕೆಯ ಪುಟದಲ್ಲಿ ಜುಲೈ ತಿಂಗಳ ಖರ್ಚು 19. ಹಾಗಾದರೆ ಈಗ 59 ಇರಬೇಕು. ಕೈಯಲ್ಲಿರುವುದು 46. ಲೆಕ್ಕಕ್ಕೆ ಸಿಗದವು 13.

“ಸರ್, ಜುಲೈನಲ್ಲಿ ಪೆಟ್ಟಿಗೆ ಗ್ರೌಂಡಿಗೆ ಒಯ್ದಿದ್ರಾ?”

“ಹೌದು ಮೇಡಂ, ಖೋ ಖೋ ಪ್ರಾಕ್ಟೀಸಿಗೆ ಎರಡು ಮೂರು ಸಲ ಒಯ್ದಿದ್ದೆ. ನೋಟ್‌ಬುಕ್ ಇಲ್ಲೇ ಬೀರುವಿನಲ್ಲಿತ್ತಲ್ಲ, ಬರೆಯೋಕೆ ಆಗ್ಲಿಲ್ಲ.”

ಇದನ್ನು ಕಳವಿನ ಲೆಕ್ಕ ಎಂದು ಭಾವಿಸಬೇಕಾಗಿಲ್ಲ. ಪೆಟ್ಟಿಗೆ ಒಂದು ಕಡೆ, ಬರೆಯುವ ಪುಸ್ತಕ ಇನ್ನೊಂದು ಕಡೆ ಇದ್ದದ್ದೇ ದೋಷ. ಪೆಟ್ಟಿಗೆಯ ಮುಚ್ಚಳದ ಒಳಭಾಗಕ್ಕೆ ಚೀಟಿಗಳ ಕಟ್ಟು ಮತ್ತು ದಾರ ಕಟ್ಟಿದ ಪೆನ್ಸಿಲ್ ಸೇರಿದರೆ ಮುಂದಿನ ತಿಂಗಳು ಈ ವ್ಯತ್ಯಾಸ ಇಳಿಯುತ್ತದೆ. ವ್ಯತ್ಯಾಸವನ್ನು ಮುಚ್ಚಿಡದೆ ‘ಲೆಕ್ಕಕ್ಕೆ ಸಿಗದು: 13’ ಎಂದೇ ಬರೆಯಬೇಕು. ಏಕೆಂದರೆ ಜುಲೈನಲ್ಲಿ ನಿಜವಾಗಿ ಖರ್ಚಾದದ್ದು 19 ಅಲ್ಲ, 32. ಇನ್ನೊಂದು ತಿಂಗಳೂ ಹೀಗೆಯೇ ಆದರೆ 40ರ ಕನಿಷ್ಠ ಮಟ್ಟವನ್ನು 64ಕ್ಕೆ ಏರಿಸಬೇಕಾಗುತ್ತದೆ. ಆಗಸ್ಟ್ ಕ್ರೀಡಾಕೂಟಗಳ ತಿಂಗಳು ಬೇರೆ. ಉಳಿದ 46ರಲ್ಲಿ ಆರರ ಅಂಚು ಎದ್ದಿದೆ. ನಂಬಬಹುದಾದವು 40.

ಗಾಜ್ ಬಟ್ಟೆ 13 ಪೊಟ್ಟಣ. ಎರಡಕ್ಕೆ ತೇವದ ಕಲೆ ಇದೆ, ಅವು ಹೊರಗೆ. ಉಳಿದದ್ದು 11. ಕನಿಷ್ಠ ಮಟ್ಟ 8, ಹಾಗಾಗಿ ಈ ತಿಂಗಳು ತರಿಸಬೇಕಾಗಿಲ್ಲ.

ಪೊವಿಡೋನ್ ಅಯೋಡಿನ್ ಟ್ಯೂಬ್ ಮೂರು. ಒಂದರ ಬಾಲ ಸುರುಳಿಯಾಗಿ ದಿನಾಂಕ ಕಾಣುತ್ತಿಲ್ಲ, ಅದು ಹೊರಗೆ. ಎರಡನೆಯದು 09/2025, ಮೂರನೆಯದು 03/2027. ಇಲ್ಲಿ ಇನ್ನೊಂದು ನಿಯಮ ಬೇಕಾಗುತ್ತದೆ: ಇನ್ನು ಮೂರು ತಿಂಗಳೊಳಗೆ ಅವಧಿ ಮುಗಿಯುವುದನ್ನು ಇಂದಿನಿಂದಲೇ ದಾಸ್ತಾನಿನಿಂದ ಕಳೆದುಬಿಡುವುದು. ಸಾಮಾನು ಬರಲು ಎರಡು ತಿಂಗಳು, ಮುಂದಿನ ಎಣಿಕೆಗೆ ಒಂದು ತಿಂಗಳು, ಒಟ್ಟು ಮೂರು. ಕಳೆದ ಮಾತ್ರಕ್ಕೆ ಬಿಸಾಡಬೇಕೆಂದಲ್ಲ. ಸೆಪ್ಟೆಂಬರ್ ಟ್ಯೂಬನ್ನು ಮುಂದೆ ಇಟ್ಟು ಕೆಂಪು ಚುಕ್ಕೆ ಹಾಕಿ ಮೊದಲು ಅದನ್ನೇ ಬಳಸಬೇಕು. 2027ರದ್ದು ಅದರ ಹಿಂದೆ. ನಂಬಬಹುದಾದ ಟ್ಯೂಬ್ ಒಂದು.

ಓಆರ್‌ಎಸ್ ಒಂಬತ್ತು ಪೊಟ್ಟಣ, ಎಲ್ಲವೂ 10/2025. ಒಂದೇ ದಿನ, ಒಂದೇ ಬ್ಯಾಚಿನಲ್ಲಿ ತಂದ ಫಲ ಇದು: ಒಂದೇ ದಿನ ಎಲ್ಲವೂ ಹೋಗುತ್ತವೆ. ಇವು ಇನ್ನೂ ಒಳ್ಳೆಯವೇ, ಈಗಲೇ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿದರೆ ಬೇಕಾದವರಿಗೆ ಬಳಕೆಯಾಗಬಹುದು. ಅಕ್ಟೋಬರ್ 31ರ ನಂತರ ಯಾರಿಗೂ ಬೇಡ. ಹೊಸದಾಗಿ ಹತ್ತನ್ನೂ ಒಟ್ಟಿಗೆ ತರಿಸದೆ ಈಗ ಐದು, ಜನವರಿಯಲ್ಲಿ ಐದು ತರಿಸಿದರೆ ಎಲ್ಲವೂ ಒಟ್ಟಿಗೆ ಮುಗಿಯುವುದಿಲ್ಲ. ಪೊಟ್ಟಣದ ಅಳತೆಯನ್ನೂ ಬರೆಯಬೇಕು. 20.5 ಗ್ರಾಂ ಪೊಟ್ಟಣ ಒಂದು ಲೀಟರ್ ನೀರಿಗೆ. 200 ಮಿಲಿಲೀಟರಿಗೆ ಕಲಸುವ ಸಣ್ಣ ಪೊಟ್ಟಣಗಳೂ ಸಿಗುತ್ತವೆ. ಎರಡೂ ಪೆಟ್ಟಿಗೆಯಲ್ಲಿ ಬೆರೆತರೆ ಅವಸರದಲ್ಲಿ ದೊಡ್ಡ ಪೊಟ್ಟಣ ಒಂದು ಲೋಟ ನೀರಿಗೆ ಬಿದ್ದೀತು. ಅಷ್ಟು ಉಪ್ಪು ಮಗುವಿಗೆ ಅಪಾಯ. ಪೆಟ್ಟಿಗೆಯಲ್ಲಿ ಒಂದೇ ಅಳತೆ ಇರಲಿ.

ಗ್ಲೌಸ್ ಎಂಟು ಜೊತೆ. ಎಣಿಸಿದರೆ ಸಾಲದು, ಒಂದು ಜೊತೆ ಹಾಕಿ ನೋಡಬೇಕು. ಬೆರಳು ತೂರಿಸುತ್ತಿದ್ದಂತೆ ಹರಿಯಿತು. ಇನ್ನೊಂದೂ ಹರಿಯಿತು. ಒಂದೇ ಡಬ್ಬಿಯದ್ದು, ಒಂದೇ ಬೇಸಿಗೆ ಕಂಡದ್ದು, ಎಂಟೂ ಹೊರಗೆ. ಕ್ರೇಪ್ ಬ್ಯಾಂಡೇಜ್ ಎರಡರಲ್ಲಿ ಒಂದು ಎಳೆದರೆ ಎಳೆದಷ್ಟೇ ಉಳಿಯುತ್ತದೆ, ಹಿಂದಕ್ಕೆ ಬರುವುದಿಲ್ಲ. ಅದೂ ಹೊರಗೆ. ಥರ್ಮಾಮೀಟರ್ ಒತ್ತಿದರೆ ಅಂಕಿ ಮಸುಕು. ಒಂದು ಗುಂಡಿ ಬ್ಯಾಟರಿ ಬೇಕು.

ಅಂದಿನ ಪುಟ ಹೀಗೆ ಕಾಣುತ್ತದೆ:

| ವಸ್ತು | ತುಂಬಿದ ಮಟ್ಟ | ಕನಿಷ್ಠ | ಎಣಿಸಿದಾಗ | ನಂಬಬಹುದಾದ್ದು | ಬೇಡಿಕೆ |
|---|---|---|---|---|---|
| ಅಂಟುಪಟ್ಟಿ | 100 | 40 | 46 | 40 | 60 |
| ಗಾಜ್ ಬಟ್ಟೆ | 20 | 8 | 13 | 11 | ಇಲ್ಲ |
| ಪೊವಿಡೋನ್ ಟ್ಯೂಬ್ | 3 | 1 | 3 | 1 | 2 |
| ಓಆರ್‌ಎಸ್ | 10 | 4 | 9 | 0 | 5 (ಉಳಿದ 5 ಜನವರಿಗೆ) |
| ಗ್ಲೌಸ್, ಜೊತೆ | 10 | 4 | 8 | 0 | 10 |
| ಕ್ರೇಪ್ ಬ್ಯಾಂಡೇಜ್ | 2 | 1 | 2 | 1 | 1 |

ನಾಲ್ಕನೇ ಮತ್ತು ಐದನೇ ಕಾಲಂಗಳ ನಡುವಿನ ಅಂತರವನ್ನು ಗಮನಿಸಿ. ಬರೀ ಎಣಿಸಿ ಬಿಟ್ಟಿದ್ದರೆ ಆರೂ ವಸ್ತು ಕನಿಷ್ಠ ಮಟ್ಟಕ್ಕಿಂತ ಮೇಲಿವೆ, ಏನೂ ತರಿಸಬೇಕಾಗಿಲ್ಲ. ಮುಟ್ಟಿ, ಓದಿ, ಎಳೆದು ನೋಡಿದ ಮೇಲೆ ಐದು ವಸ್ತುಗಳು ಬೇಕು ಎಂದು ತಿಳಿಯಿತು. ಪರಿಶೀಲನೆಯ ಕೆಲಸವೆಲ್ಲ ಇರುವುದು ಈ ಎರಡು ಕಾಲಂಗಳ ನಡುವೆ.

ಬೇಡಿಕೆ ಪಟ್ಟಿ ಹೇಗಿರಬೇಕು

‘ಔಷಧ ಸಾಮಗ್ರಿ ಬೇಕು’ ಎಂದು ಬರೆದ ಬೇಡಿಕೆಗೆ ಅಂಗಡಿಯವರು ತಮಗೆ ತಿಳಿದದ್ದನ್ನು ಕೊಡುತ್ತಾರೆ. ಹಾಗಾಗಿ ಪ್ರತಿ ಸಾಲಿನಲ್ಲಿ ವಸ್ತುವಿನ ಪೂರ್ಣ ಹೆಸರು, ಅಳತೆ, ಸಂಖ್ಯೆ, ಕಾರಣ ಇರಬೇಕು. ‘ಪೊವಿಡೋನ್ ಅಯೋಡಿನ್ ಮುಲಾಮು, ಶೇ 5, 20 ಗ್ರಾಂ ಟ್ಯೂಬ್, ಎರಡು, ಒಂದರ ದಿನಾಂಕ ಓದಲಾಗದು, ಒಂದು ಸೆಪ್ಟೆಂಬರ್‌ಗೆ ಮುಗಿಯುತ್ತದೆ’. ‘ನೈಟ್ರೈಲ್ ಗ್ಲೌಸ್, ಮಧ್ಯಮ ಅಳತೆ, ಹತ್ತು ಜೊತೆ, ಹಳೆಯ ರಬ್ಬರಿನವು ಬಿಸಿಗೆ ಹಾಳಾಗಿವೆ’. ಪಟ್ಟಿಯ ಕೊನೆಗೆ ಒಂದು ಷರತ್ತು: ಅವಧಿ ಇರುವ ಪ್ರತಿ ವಸ್ತುವಿಗೂ ಶಾಲೆಗೆ ತಲುಪಿದ ದಿನದಿಂದ ಕನಿಷ್ಠ 18 ತಿಂಗಳು ಉಳಿದಿರಬೇಕು. ಈ ಒಂದು ಸಾಲು ಇಲ್ಲದಿದ್ದರೆ ನಾಲ್ಕು ತಿಂಗಳಿಗೆ ಮುಗಿಯುವ ಟ್ಯೂಬ್ ಬಂದು, ಬಂದ ಮರು ತಿಂಗಳೇ ಮತ್ತೆ ಬೇಡಿಕೆ ಪಟ್ಟಿ ಸೇರುತ್ತದೆ.

ಪಟ್ಟಿಗೆ ಹೋಗಲು ಎರಡು ದಾರಿ. ಓಆರ್‌ಎಸ್‌ನಂಥದ್ದನ್ನು ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬೇಕು. ಉಳಿದವನ್ನು ಮುಖ್ಯ ಶಿಕ್ಷಕರು ಎಸ್‌ಡಿಎಂಸಿ ಮುಂದಿಟ್ಟು ಶಾಲಾ ಅನುದಾನದಿಂದ ಕೊಳ್ಳಬೇಕು. ಸಮಗ್ರ ಶಿಕ್ಷಣದ ಮಾರ್ಗಸೂಚಿಯಲ್ಲಿ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಸಂಯೋಜಿತ ಶಾಲಾ ಅನುದಾನದ ಅಳತೆ ಇದೆ. ಪದೇ ಪದೇ ಖರ್ಚಾಗುವ ಸಾಮಗ್ರಿಗಳಿಗೆಂದೇ ಇರುವ ಹಣ ಅದು. ವಿದ್ಯುತ್ ಬಿಲ್ಲು, ಸೀಮೆಸುಣ್ಣ, ಆಟದ ಸಾಮಾನು ಎಲ್ಲವೂ ಅದರಲ್ಲೇ ನಡೆಯಬೇಕಾದ್ದರಿಂದ ಕಾರಣ ಬರೆದ ಪಟ್ಟಿಗೆ ಸಭೆಯಲ್ಲಿ ಬೆಲೆ ಹೆಚ್ಚು. ತಾಲ್ಲೂಕಿನಲ್ಲಿ ಜನೌಷಧಿ ಕೇಂದ್ರ ಇದ್ದರೆ ಅಲ್ಲಿನ ದರವನ್ನೂ ಕೇಳುವುದು ಒಳ್ಳೆಯದು.

ಪಟ್ಟಿ ಕಳಿಸಿದ ದಿನ ಕೆಲಸ ಮುಗಿಯುವುದಿಲ್ಲ. ಸಾಮಾನು ಬಂದಾಗ ಬಿಲ್ಲಿನೊಂದಿಗೆ ತಾಳೆ ನೋಡಿ, ಬ್ಯಾಚ್ ನಂಬರ್ ಮತ್ತು ದಿನಾಂಕ ಬರೆದು, ಹೊಸದನ್ನು ಹಳೆಯದರ ಹಿಂದೆ ಇಟ್ಟು, ‘ಬಂದಿದೆ’ ಎಂಬ ಕಾಲಮಿನಲ್ಲಿ ಸಹಿ ಹಾಕಬೇಕು. ಆ ಕಾಲಂ ಖಾಲಿ ಇದ್ದರೆ ಮುಂದಿನ ತಿಂಗಳ ಪಟ್ಟಿಯ ಮೊದಲ ಸಾಲು ಅದೇ ವಸ್ತು, ‘ಆಗಸ್ಟ್‌ನಿಂದ ಬಾಕಿ’ ಎಂಬ ಮಾತಿನೊಂದಿಗೆ. ಎರಡು ತಿಂಗಳು ಬಾಕಿ ಉಳಿದದ್ದು ಎಸ್‌ಡಿಎಂಸಿ ನಡಾವಳಿಯಲ್ಲಿ ದಾಖಲಾಗಬೇಕು. ಹೊರಗಿಟ್ಟ ಅವಧಿ ಮೀರಿದ ಔಷಧವನ್ನು ಶಾಲೆಯ ಹಿಂದಿನ ಕಸದ ಗುಂಡಿಗೆ ಎಸೆದರೆ ಮಕ್ಕಳ ಕೈಗೆ ಸಿಗುತ್ತದೆ. ಅದನ್ನು ಬೇರೆ ಕವರಿನಲ್ಲಿ ಕಟ್ಟಿ, ಮೇಲೆ ‘ಬಳಸಬಾರದು’ ಎಂದು ಬರೆದು, ವಿಲೇವಾರಿಗೆ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಬೇಕು.

ಮುಚ್ಚಳದ ಮೇಲಿನ ಸಾಲುಗಳು

ಅವಧಿ ಮೀರುವುದು ಔಷಧ ಮಾತ್ರವಲ್ಲ. ಮುಚ್ಚಳದ ಮೇಲೆ ಅಂಟಿಸಿದ ಫೋನ್ ನಂಬರುಗಳೂ ಹಳತಾಗುತ್ತವೆ. ಆರೋಗ್ಯ ಕೇಂದ್ರದ ಸಿಸ್ಟರ್ ವರ್ಗವಾಗಿ ಹೋಗಿರುತ್ತಾರೆ, ತಂದೆ ತಾಯಿ ಸಿಮ್ ಬದಲಿಸಿರುತ್ತಾರೆ. ಹಾವು ಕಚ್ಚಿದರೆ, ಮಗು ಪ್ರಜ್ಞೆ ತಪ್ಪಿದರೆ, ತಲೆಗೆ ಪೆಟ್ಟು ಬಿದ್ದು ವಾಂತಿ ಮಾಡಿದರೆ ಈ ಪೆಟ್ಟಿಗೆಯ ಯಾವ ಸಾಮಾನೂ ಚಿಕಿತ್ಸೆಯಲ್ಲ. ಆಗ ಬೇಕಾದದ್ದು 108 ಆಂಬುಲೆನ್ಸ್ ಮತ್ತು ಸರಿಯಾದ ನಂಬರ್. ಆದ್ದರಿಂದ ತಿಂಗಳ ಪರಿಶೀಲನೆಯ ದಿನ ಆರೋಗ್ಯ ಕೇಂದ್ರದ ನಂಬರಿಗೆ ಒಮ್ಮೆ ಕರೆ ಮಾಡಿ ನೋಡಬೇಕು. ಹಾಗೆಯೇ ಬೀಗದ ಪ್ರಶ್ನೆ. ಮುಖ್ಯ ಶಿಕ್ಷಕರು ಮೀಟಿಂಗಿಗೆ ಹೋದ ದಿನ ಕೀಲಿಯೂ ಅವರ ಜೇಬಿನಲ್ಲೇ ಹೋದರೆ ತುಂಬಿದ ಪೆಟ್ಟಿಗೆಯೂ ಖಾಲಿ ಪೆಟ್ಟಿಗೆಯೇ. ಪುಟ್ಟ ಮಕ್ಕಳ ಕೈಗೆಟುಕದ ಎತ್ತರದಲ್ಲಿ, ಬೀಗವಿಲ್ಲದ ಚಿಲಕ ಹಾಕಿ ಇಡುವುದು ಮೇಲು. ಬೀಗ ಇರಲೇಬೇಕೆಂದರೆ ಎರಡನೇ ಕೀಲಿ ಇನ್ನೊಬ್ಬ ಶಿಕ್ಷಕರ ಬಳಿ ಇರಬೇಕು.

ಕೊನೆಯದಾಗಿ ಬಳಕೆಯ ಪುಟದ ‘ಎಲ್ಲಿ ಆಯಿತು’ ಎಂಬ ಕಾಲಂ. ನಮ್ಮ ಉದಾಹರಣೆಯ ಶಾಲೆಯ ಜುಲೈ ತಿಂಗಳ 19 ನಮೂದುಗಳನ್ನು ಮತ್ತೆ ಓದಿದರೆ ಎಂಟರಲ್ಲಿ ಒಂದೇ ಜಾಗ ಇದೆ: ಕೈ ತೊಳೆಯುವ ಕಟ್ಟೆ. ಮಳೆ ಶುರುವಾದ ಮೇಲೆ ಕಟ್ಟೆಯ ಸುತ್ತ ಪಾಚಿ ಕಟ್ಟಿದೆ. ಊಟದ ಗಂಟೆ ಹೊಡೆದಾಗ ಮಕ್ಕಳು ಓಡಿ ಬಂದು ಅಲ್ಲಿ ಜಾರಿ ಮೊಣಕಾಲು ಕೆತ್ತಿಕೊಳ್ಳುತ್ತಿದ್ದಾರೆ. ಹೀಗಿರುವಾಗ ಬರೀ ಅಂಟುಪಟ್ಟಿ ತರಿಸುತ್ತ ಹೋದರೆ ಪ್ರತಿ ಮಳೆಗಾಲವೂ ಅಷ್ಟೇ ಪಟ್ಟಿ, ಅಷ್ಟೇ ಗಾಯ. ಆ ತಿಂಗಳ ಬೇಡಿಕೆ ಪಟ್ಟಿಗೆ ಎರಡು ಸಾಲು ಹೆಚ್ಚಿಗೆ ಸೇರಬೇಕು: ಬ್ಲೀಚಿಂಗ್ ಪುಡಿ ಒಂದು ಕಿಲೋ, ಗಟ್ಟಿ ಬ್ರಷ್ ಒಂದು; ಕಾರಣ, ಕಟ್ಟೆಯ ಪಾಚಿ ಉಜ್ಜಿ ತೆಗೆಯಲು. ಸೆಪ್ಟೆಂಬರ್ ಮೊದಲ ಶನಿವಾರ ಎಣಿಸುವಾಗ ಆ ಕಟ್ಟೆಯ ಹೆಸರು ಬಳಕೆಯ ಪುಟದಲ್ಲಿ ಎಷ್ಟು ಸಲ ಬಂದಿದೆ ಎಂದು ನೋಡಬೇಕು. ಕಡಿಮೆಯಾಗಿದ್ದರೆ ಉಜ್ಜಿದ್ದು ಸಾಕಾಯಿತು. ಕಡಿಮೆಯಾಗಿಲ್ಲದಿದ್ದರೆ ಮುಂದಿನ ಪಟ್ಟಿಯಲ್ಲಿ ಸಿಮೆಂಟ್ ಮತ್ತು ಗಾರೆಯವರ ಕೂಲಿ ಬರೆಯಬೇಕು.